ಸೇಫ್ಟಿ ವಾಲ್ವ್: ಸಿಂಕಿನ ಕೆಳಗೆ ಹನಿಯುವ ಆ ಹಿತ್ತಾಳೆ ತುಂಡು

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಕಾಕು ಹೋದ ಡಿಸೆಂಬರಿನಲ್ಲಿ ಅಡುಗೆಮನೆಯ ಸಿಂಕಿನ ಕೆಳಗೆ ಮೂರು ಲೀಟರಿನ ಇನ್‌ಸ್ಟಂಟ್ ಗೀಜರ್ ಹಾಕಿಸಿದರು. ಜಿಡ್ಡಿನ ಭಾಂಡೆ ತಣ್ಣೀರಲ್ಲಿ ತಿಕ್ಕಿ ತಿಕ್ಕಿ ಕೈ ಬಿರಿದಿದ್ದವು, ಅದಕ್ಕೆ. ವಾರದೊಳಗೆ ಫೋನ್ ಬಂತು: "ಏನಪ್ಪಾ ಇದು, ಹೊಸಾ ಗೀಜರ್, ಆಗಲೇ ಸೋರ್ಲಿಕ್ಕೆ ಹತ್ತೇದ." ನಾನು ಹೋಗುವಷ್ಟರಲ್ಲಿ ಪ್ಲಂಬರ್ ಬಂದು ಹೋಗಿದ್ದ. "ಅಕ್ಕಾರ, ಇಲ್ಲೊಂದು ಪ್ಲಗ್ ಹೊಡದ್ರ ಆತ್ರೀ" ಎಂದು ಹನಿಯುತ್ತಿದ್ದ ಬಾಯಿಗೆ ಬಿರಡೆ ತಿರುವಿ, ನೂರು ರೂಪಾಯಿ ತೆಗೆದುಕೊಂಡು ಹೋಗಿದ್ದ. ಸೋರುವುದೇನೋ ನಿಂತಿತ್ತು. ಆದರೆ ಅವನು ಮುಚ್ಚಿದ್ದು ಸೇಫ್ಟಿ ವಾಲ್ವಿನ ಬಾಯಿಯನ್ನು.

ಸೇಫ್ಟಿ ವಾಲ್ವ್ ಎಂದರೆ ಗೀಜರಿಗೆ ತಣ್ಣೀರು ಹೋಗುವ ದಾರಿಯಲ್ಲಿ ಕೂರುವ, ಹೆಬ್ಬೆರಳು ಗಾತ್ರದ ಹಿತ್ತಾಳೆಯ ಬಿಡಿಭಾಗ. ಒಂದೇ ಮೈಯಲ್ಲಿ ಎರಡು ಕೆಲಸ ಇರುತ್ತದೆ. ಮೊದಲನೆಯದು, ನೀರು ಒಳಗೆ ಹೋಗಬೇಕು, ಹಿಂದಕ್ಕೆ ಬರಬಾರದು. ಇದನ್ನು ನಾನ್ ರಿಟರ್ನ್ ಎನ್ನುತ್ತಾರೆ. ಎರಡನೆಯದು, ಒಳಗಿನ ಒತ್ತಡ ಒಂದು ಮಿತಿ ದಾಟಿದರೆ ಸ್ಪ್ರಿಂಗು ಹಿಂದೆ ಸರಿದು, ಪಕ್ಕದ ಸಣ್ಣ ಮೂತಿಯಿಂದ ನೀರನ್ನು ಹೊರಗೆ ಬಿಡಬೇಕು. ಕುಕ್ಕರಿನ ವಿಷಲ್ ಆವಿಗೆ ಮಾಡುವುದನ್ನು ಇದು ನೀರಿಗೆ ಮಾಡುತ್ತದೆ. ಆ ಮಿತಿ ಎಲ್ಲಿಂದ ಬಂತು ಎಂದು ತಿಳಿಯಲು ಗೀಜರಿನ ಮೈಮೇಲಿನ ಪಟ್ಟಿ ಓದಬೇಕು.

ಕಾಕುವಿನ ಗೀಜರಿನ ಪಟ್ಟಿಯಲ್ಲಿ ವೋಲ್ಟು, ವ್ಯಾಟುಗಳ ಪಕ್ಕ ರೇಟೆಡ್ ಪ್ರೆಶರ್ 0.65 ಮೆಗಾಪಾಸ್ಕಲ್ ಎಂದಿತ್ತು. ಕೆಲವು ಕಂಪನಿಗಳು ಅದನ್ನೇ 6.5 ಬಾರ್ ಎಂದು ಬರೆಯುತ್ತವೆ, ಎರಡೂ ಒಂದೇ. ಗೀಜರಿನ ಟ್ಯಾಂಕು ಯಾವ ಒತ್ತಡದವರೆಗೆ ದಿನನಿತ್ಯ ತಡೆದುಕೊಳ್ಳುವಂತೆ ಮಾಡಲಾಗಿದೆ ಎಂಬುದು ಅದರ ಅರ್ಥ. ಅಷ್ಟು ಒತ್ತಡ ಬೇಕೇಬೇಕು ಎಂದಲ್ಲ. ಈ ತಪ್ಪು ತಿಳಿವಳಿಕೆ ಎಷ್ಟು ಸಾಮಾನ್ಯವೆಂದರೆ, ನಮ್ಮ ಪರಿಚಯದವರೊಬ್ಬರು ಆ ಅಂಕಿ ನೋಡಿಯೇ ಪ್ರೆಶರ್ ಪಂಪು ಖರೀದಿಸಿದ್ದರು.

ಬಾರ್ ಎಂಬುದನ್ನು ಅಂದಾಜು ಮಾಡಲು ಮೀಟರು ಸಾಕು. ಹತ್ತು ಮೀಟರು ಎತ್ತರದಲ್ಲಿ ನಿಂತ ನೀರು ಕೆಳಗೆ ಹೆಚ್ಚುಕಡಿಮೆ ಒಂದು ಬಾರ್ ಒತ್ತಡ ಕೊಡುತ್ತದೆ. ಪೈಪು ಎಷ್ಟು ಉದ್ದ, ಎಷ್ಟು ಸುತ್ತಿ ಬಂದಿದೆ ಎಂಬುದು ಲೆಕ್ಕಕ್ಕಿಲ್ಲ, ನೇರ ಎತ್ತರ ಮಾತ್ರ. ಕಾಕುವಿನದು ಎರಡಂತಸ್ತಿನ ಮನೆ. ಮಾಳಿಗೆಯ ಮೇಲೆ ಕಟ್ಟೆ, ಕಟ್ಟೆಯ ಮೇಲೆ ಟಾಕಿ. ಟಾಕಿಯ ನೀರಿನ ಮಟ್ಟದಿಂದ ಕೆಳಮನೆಯ ಸಿಂಕಿನ ಬುಡದವರೆಗೆ ಅಳೆದರೆ ಎಂಟು ಮೀಟರು. ಅಂದರೆ 0.8 ಬಾರ್. ಗೀಜರು ತಡೆಯುವುದು ಅದರ ಎಂಟು ಪಟ್ಟು. ಹೀಗಿದ್ದ ಮೇಲೆ ಒತ್ತಡ ಹೆಚ್ಚಾಯಿತು ಎಂದು ವಾಲ್ವು ಏಕೆ ಹನಿಯಬೇಕು? ಕಾಕುವೂ ಇದನ್ನೇ ಕೇಳಿದರು.

ಒತ್ತಡ ಮೇಲಿನ ಟಾಕಿಯಿಂದ ಬಂದದ್ದಲ್ಲ, ಗೀಜರಿನೊಳಗೇ ಹುಟ್ಟಿದ್ದು. ನೀರು ಕಾದಾಗ ಹಿಗ್ಗುತ್ತದೆ. ಧಾರವಾಡದ ಚಳಿಗಾಲದಲ್ಲಿ ಟಾಕಿಯ ನೀರು 20 ಡಿಗ್ರಿ ಇದ್ದು, ಅದು 60 ಡಿಗ್ರಿಗೆ ಏರಿತು ಎನ್ನಿ. ಗಾತ್ರ ನೂರಕ್ಕೆ ಒಂದೂವರೆ ಪಾಲು ಬೆಳೆಯುತ್ತದೆ. ಮೂರು ಲೀಟರಿಗೆ ಸುಮಾರು 45 ಮಿಲಿಲೀಟರು, ಮೂರು ದೊಡ್ಡ ಚಮಚ. ಕೇಳಲು ಏನೂ ಅಲ್ಲ. ಆದರೆ ನೀರನ್ನು ಗಾಳಿಯ ಹಾಗೆ ಅದುಮಿ ಕೂರಿಸಲು ಬರುವುದಿಲ್ಲ. ಮುಂದೆ ನಳ ಬಂದಾಗಿದೆ, ಹಿಂದೆ ನಾನ್ ರಿಟರ್ನ್ ಅಡ್ಡ ನಿಂತಿದೆ. ಆ ಮೂರು ಚಮಚಕ್ಕೆ ಜಾಗವಿಲ್ಲದೆ ಒತ್ತಡ ಸರಸರ ಏರಿ, ಸ್ಪ್ರಿಂಗಿನ ಮಿತಿ ಮುಟ್ಟಿದಾಗ ಹನಿ ಬೀಳುತ್ತದೆ. ಮೂರು ಕಿಲೋವ್ಯಾಟಿನ ಕಾಯಿಲು ಆ ಮೂರು ಲೀಟರನ್ನು ಕಾಯಿಸಲು ಮೂರು ನಿಮಿಷದೊಳಗೇ ಸಾಕು. ಹಾಗಾಗಿ ಸ್ವಿಚ್ ಹಾಕಿದ ಒಂದೆರಡು ನಿಮಿಷಕ್ಕೇ ಹನಿ ಶುರುವಾಗಿ, ಕೆಂಪು ದೀಪ ಆರಿದ ಮೇಲೆ ನಿಲ್ಲುತ್ತದೆ. ಕಾಕು ನೋಡಿದ್ದು ಸರಿಯಾಗಿ ಇದನ್ನೇ.

ಹಾಗಾದರೆ ನಾನ್ ರಿಟರ್ನ್ ತೆಗೆದುಬಿಟ್ಟರೆ? ಹಿಗ್ಗಿದ ನೀರು ಪೈಪಿನಲ್ಲಿ ಟಾಕಿಯ ಕಡೆಗೆ ಹಿಂದೆ ಸರಿಯುತ್ತದೆ, ಹನಿಯೂ ಇರುವುದಿಲ್ಲ. ಎಷ್ಟೋ ಮನೆಗಳಲ್ಲಿ ಹೀಗೇ ನಡೆದಿದೆ. ಆದರೆ ನಮ್ಮ ಊರುಗಳಲ್ಲಿ ನೀರು ದಿನಾ ಬರುವ ವಸ್ತುವಲ್ಲ. ಸವದತ್ತಿಯ ಕಡೆಯಿಂದ ಮಲಪ್ರಭೆಯ ನೀರು ಬಂದು ಟಾಕಿ ತುಂಬಿ, ಮತ್ತೆ ನೀರು ಬಿಡುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಟಾಕಿ ತಳ ಕಂಡಿರುತ್ತದೆ. ಟಾಕಿ ಬರಿದಾಗಿ, ಗೀಜರಿಗಿಂತ ಕೆಳಗಿನ ಬಚ್ಚಲದ ನಳ ಯಾರೋ ತಿರುವಿದರೆ, ಗೀಜರಿನ ನೀರೂ ಹಿಂದಕ್ಕೆ ಎಳೆದುಕೊಂಡು ಹೋಗಬಹುದು. ಆಮೇಲೆ ಸ್ವಿಚ್ ಹಾಕಿದರೆ ಕಾಯಿಲು ನೀರಿಲ್ಲದೆ ಕಾದು ಸುಟ್ಟುಹೋಗುತ್ತದೆ. ಆ ನೀರನ್ನು ಹಿಡಿದಿಡುವುದೇ ನಾನ್ ರಿಟರ್ನಿನ ಕೆಲಸ. ಅದನ್ನು ಇಟ್ಟುಕೊಂಡರೆ ಹನಿಯನ್ನೂ ಒಪ್ಪಿಕೊಳ್ಳಬೇಕು.

ಇನ್ನು ಬಿರಡೆ ಹೊಡೆದರೆ ಏನಾಗುತ್ತದೆ ಎಂಬ ಮಾತು. ದಿನಾ ಮೂರು ನಾಲ್ಕು ಸಲ ಕಾಯುವಾಗಲೆಲ್ಲ ಟ್ಯಾಂಕಿನ ಬೆಸುಗೆ, ವಾಷರು, ಹೆಣೆದ ಕನೆಕ್ಷನ್ ಪೈಪು ಇವುಗಳ ಮೇಲೆ ಮಿತಿ ಮೀರಿದ ಒತ್ತಡ ಬೀಳುತ್ತದೆ. ಇದ್ದುದರಲ್ಲಿ ಬಡಪಾಯಿ ಯಾವುದೋ ಅದು ಮೊದಲು ಸೋಲುತ್ತದೆ. ಕಾಕುವಿನ ಮನೆಯಲ್ಲಿ ಬಿಸಿನೀರಿನ ಕಡೆಯ ಕನೆಕ್ಷನ್ ಪೈಪಿನ ವಾಷರು ಸೋತು, ಕಪಾಟಿನ ಹಲಗೆ ಉಬ್ಬಿತ್ತು. ಇದು ಪುಣ್ಯದ ಸೋಲು. ದೊಡ್ಡ ಭಯ ಬೇರೆ ಇದೆ. ಥರ್ಮೋಸ್ಟಾಟ್ ಅಂಟಿಕೊಂಡು, ಅದರ ಬೆನ್ನಿಗಿರುವ ಥರ್ಮಲ್ ಕಟ್‌ಔಟ್ ಸಹ ಕೈಕೊಟ್ಟರೆ ಕಾಯಿಲು ಕಾಯುತ್ತಲೇ ಇರುತ್ತದೆ. ಒತ್ತಡದಲ್ಲಿರುವ ನೀರು 100 ಡಿಗ್ರಿಗೆ ಕುದಿಯುವುದಿಲ್ಲ. ಏಳು ಬಾರ್ ಒತ್ತಡದಲ್ಲಿ ಸುಮಾರು 170 ಡಿಗ್ರಿಯವರೆಗೂ ನೀರಾಗಿಯೇ ಇರುತ್ತದೆ. ಆ ಸ್ಥಿತಿಯಲ್ಲಿ ಟ್ಯಾಂಕು ಬಿರಿದರೆ, ಅದರಲ್ಲಿ ಎಂಟನೇ ಒಂದು ಪಾಲು ಕಣ್ಣು ಮಿಟುಕಿಸುವುದರೊಳಗೆ ಆವಿಯಾಗುತ್ತದೆ. ಮೂರು ಲೀಟರಿನ ಗೀಜರಿನಿಂದ ಆರುನೂರು ಲೀಟರಿನಷ್ಟು ಆವಿ. ಅದು ಸಿಂಕಿನ ಕೆಳಗಿನ ಕಪಾಟಿನಲ್ಲಿ, ಭಾಂಡೆ ತಿಕ್ಕುವವರ ಮೊಣಕಾಲಿನ ಎದುರಿಗೆ. ಥರ್ಮೋಸ್ಟಾಟ್, ಕಟ್‌ಔಟ್ ಎರಡೂ ಕರೆಂಟು ಕಡಿದು ಕಾಯುವ ಕಾವಲುಗಾರರು. ಸೇಫ್ಟಿ ವಾಲ್ವ್ ಒಂದೇ ಬರೀ ಸ್ಪ್ರಿಂಗಿನ ಮೇಲೆ ನಿಂತಿರುವುದು.

ಬಿರಡೆ ತೆಗೆದ ಮೇಲೆ ನಾವು ಮಾಡಿದ ಪರೀಕ್ಷೆ ಸರಳ. ತಣ್ಣಗಿರುವ ಗೀಜರಿನ ವಾಲ್ವಿನ ಕೆಳಗೆ ಔಷಧಿ ಅಳೆಯುವ ಸಣ್ಣ ಲೋಟ ಇಟ್ಟು, ನಳ ಮುಟ್ಟದೆ, ಒಂದು ಸಲ ಪೂರ್ತಿ ಕಾಯಿಸಿದೆವು. ಬಿದ್ದದ್ದು 40 ಮಿಲಿಲೀಟರಿನ ಆಸುಪಾಸು. ಲೆಕ್ಕಕ್ಕೆ ಸರಿಹೊಂದಿತು, ವಾಲ್ವು ಆರೋಗ್ಯವಾಗಿದೆ ಎಂದರ್ಥ. ಏನೂ ಬೀಳದಿದ್ದರೆ ಸಿಂಕಿನ ಬಿಸಿನೀರಿನ ನಳ ನೋಡಿ. ನಳವೇ ತುಸು ಸೋರುತ್ತಿದ್ದರೆ ಹಿಗ್ಗಿದ ನೀರು ಅಲ್ಲಿಂದ ದಾರಿ ಕಂಡುಕೊಂಡಿರುತ್ತದೆ. ಗೀಜರ್ ಆರಿಸಿ ತಣ್ಣಗಾದ ಮೇಲೂ ರಾತ್ರಿಯಿಡೀ ಹನಿಯುತ್ತಿದ್ದರೆ ಅದು ಹಿಗ್ಗುವಿಕೆಯ ಮಾತಲ್ಲ. ನಮ್ಮ ಟಾಕಿಗಳ ತಳದ ಮಣ್ಣಿನ ಕಣವೊಂದು ವಾಲ್ವಿನ ಸೀಟಿನಲ್ಲಿ ಸಿಕ್ಕಿಕೊಂಡಿರುವ ಸಂಭವವೇ ಹೆಚ್ಚು. ತಣ್ಣಗಿರುವಾಗ ವಾಲ್ವಿನ ಮೇಲಿನ ಸಣ್ಣ ಹಿಡಿಯನ್ನು ನಾಲ್ಕೈದು ಸಲ ಎತ್ತಿ ಬಿಟ್ಟರೆ ನೀರಿನೊಂದಿಗೆ ಅದು ಹೊರಬರುತ್ತದೆ.

ಹೊರಗಿನ ಒತ್ತಡವೇ ನಿಜವಾಗಿ ಹೆಚ್ಚಾಗುವ ಮನೆಗಳೂ ಇವೆ, ಆದರೆ ಅವು ಎರಡಂತಸ್ತಿನವಲ್ಲ. ಇಪ್ಪತ್ತು ಅಂತಸ್ತಿನ ಕಟ್ಟಡದ ನೆಲಮನೆಯಲ್ಲಿ ಟಾಕಿ ಅರವತ್ತು ಮೀಟರು ಮೇಲಿದ್ದರೆ ಆರು ಬಾರ್ ಆಗಲೇ ಆಯಿತು. ಅಲ್ಲಿ ಗೀಜರಿಗೆ ಮೊದಲೇ ಒತ್ತಡ ತಗ್ಗಿಸುವ ಬೇರೆ ವಾಲ್ವು ಬೇಕು. ಪಂಪಿನಿಂದ ನೇರವಾಗಿ ನೀರು ಬರುವ ಮನೆಯಲ್ಲಿ ಪಂಪಿನ ಅತಿ ಹೆಚ್ಚಿನ ಒತ್ತಡ ಎಷ್ಟು ಎಂದು ಅದರ ಪಟ್ಟಿಯಲ್ಲೇ ನೋಡಿಕೊಂಡರೆ ಸಾಕು. ವಾಲ್ವನ್ನು ಬೇರೆಯಾಗಿ ಕೊಳ್ಳುವುದಾದರೆ ಅದರ ಮೈಮೇಲೂ ಬಾರಿನ ಅಂಕಿ ಇರುತ್ತದೆ. ಅದು ಗೀಜರಿನ ಅಂಕಿಗೆ ಸಮ ಇಲ್ಲವೆ ಕಡಿಮೆ ಇರಬೇಕು. 6.5 ಬಾರಿನ ಗೀಜರಿಗೆ 8 ಬಾರಿನ ವಾಲ್ವು ಹಾಕಿದರೆ, ವಾಲ್ವು ಏಳುವ ಮೊದಲೇ ಟ್ಯಾಂಕು ತನ್ನ ಮಿತಿ ದಾಟಿರುತ್ತದೆ.

ಪಟ್ಟಿಯ ಮೇಲೆ ಒತ್ತಡ 0 ಎಂದು ಬರೆದ ಗೀಜರುಗಳೂ ಇವೆ. ಅದು ಅಚ್ಚಿನ ತಪ್ಪಲ್ಲ. ಅವುಗಳ ಟ್ಯಾಂಕು ಒತ್ತಡವನ್ನು ತಡೆಯುವುದೇ ಇಲ್ಲ, ಬಿಸಿನೀರಿನ ಬಾಯಿ ಸದಾ ತೆರೆದಿರಬೇಕು. ನೀರು ನಿಲ್ಲಿಸುವುದು ತಣ್ಣೀರಿನ ಕಡೆಯಲ್ಲಿ, ಅದಕ್ಕೆಂದೇ ಮಾಡಿದ ನಳದಿಂದ. ಅಂಥದ್ದಕ್ಕೆ ಸಾಮಾನ್ಯ ಮಿಕ್ಸರ್ ನಳ ಜೋಡಿಸಿದರೆ ಟ್ಯಾಂಕು ಉಬ್ಬಿ ಬಿರಿಯುತ್ತದೆ.

ಜೋಡಣೆಯಲ್ಲಿ ಅನುಕ್ರಮವೇ ಮುಖ್ಯ. ಗೋಡೆಯ ಆ್ಯಂಗಲ್ ಕಾಕ್, ಆಮೇಲೆ ಸೇಫ್ಟಿ ವಾಲ್ವ್, ಆಮೇಲೆ ಗೀಜರ್. ವಾಲ್ವಿಗೂ ಗೀಜರಿಗೂ ನಡುವೆ ಬಂದ್ ಮಾಡುವ ಯಾವ ಕಾಕೂ ಇರಕೂಡದು, ಏಕೆಂದರೆ ಅದನ್ನು ಮುಚ್ಚಿದ ಗಳಿಗೆಯಲ್ಲಿ ವಾಲ್ವು ಇದ್ದೂ ಇಲ್ಲದಂತೆ. ಮೈಮೇಲಿನ ಬಾಣ ಗೀಜರಿನ ಕಡೆ ನೋಡಬೇಕು. ಹನಿಯುವ ಮೂತಿಗೆ ಸಣ್ಣ ಪೈಪು ಸಿಕ್ಕಿಸಿ, ಎಲ್ಲೂ ಮೇಲಕ್ಕೆ ಏರದಂತೆ ಇಳಿಜಾರಾಗಿ ತಂದು, ಸಿಂಕಿನ ನೀರು ಹೋಗುವ ದಾರಿಗೆ ಬಿಟ್ಟೆವು. ತುದಿ ನೀರಿನಲ್ಲಿ ಮುಳುಗದೆ ಗಾಳಿಯಲ್ಲಿರಬೇಕು. ಸಿಂಕಿನ ಕೆಳಗೆ ಹಾಕುವ ಗೀಜರಿನ ಮೂತಿಗಳು ಮೇಲ್ಮುಖ ಇರುತ್ತವೆ, ಗೋಡೆಯ ಮೇಲೆ ಹಾಕುವುದರವು ಕೆಳಮುಖ. ಬಚ್ಚಲದ್ದನ್ನೇ ತಲೆಕೆಳಗು ಮಾಡಿ ಸಿಂಕಿನ ಕೆಳಗೆ ಹಾಕಿದರೆ ಒಳಗೆ ಗಾಳಿ ಉಳಿದು ಕಾಯಿಲು ಒಣಗಿ ಕಾಯುತ್ತದೆ.

ಕರೆಂಟಿನ ವಿಷಯ ಚಿಕ್ಕದು. ಮೂರು ಕಿಲೋವ್ಯಾಟ್ ಎಂದರೆ 230 ವೋಲ್ಟಿನಲ್ಲಿ 13 ಆಂಪಿಯರು. ಅದಕ್ಕೆ ಮಿಕ್ಸಿಯ ಸಣ್ಣ ಸಾಕೆಟ್ ನಡೆಯದು, ಅರ್ಥಿಂಗ್ ಇರುವ 16 ಆಂಪಿಯರಿನದೇ ಬೇಕು, ಅದೂ ವಾಲ್ವು ಹನಿಯುವ ಜಾಗದ ಕೆಳಗಲ್ಲ. ಮೊದಲ ಸಲ, ಮತ್ತು ಟಾಕಿ ಬರಿದಾಗಿ ತುಂಬಿದ ಪ್ರತಿ ಸಲ, ಬಿಸಿನೀರಿನ ನಳ ತಿರುವಿ, ಉಸ್‌ಗುಟ್ಟದೆ ಒಂದೇ ಧಾರೆಯಾಗಿ ನೀರು ಬಂದ ಮೇಲೆಯೇ ಸ್ವಿಚ್ ಹಾಕಬೇಕು. ಅಂದಹಾಗೆ, ರೊಟ್ಟಿ ಹಿಟ್ಟಿಗೆ ಈ ನೀರು ಆದೀತೇ ಎಂದು ಕಾಕು ಕೇಳಿದರು. ಆಗದು. ಜೋಳದ ಹಿಟ್ಟಿಗೆ ಬೇಕಾದ್ದು ಕುದಿಯುವ ಎಸರು, ಇದು 60 ಡಿಗ್ರಿಯದು.

ಉಳಿದದ್ದು ತಿಂಗಳಿಗೊಮ್ಮೆಯ ಕೆಲಸ. ಸ್ವಿಚ್ ಆರಿಸಿ, ನೀರು ತಣ್ಣಗಾದ ಮೇಲೆ ವಾಲ್ವಿನ ಹಿಡಿ ಎತ್ತಿ ನೋಡುವುದು. ಚಿರ್ರೆಂದು ನೀರು ಬಂದು, ಹಿಡಿ ಬಿಟ್ಟೊಡನೆ ನಿಂತರೆ ಸರಿ. ಬೋರ್‌ವೆಲ್ಲಿನ ಗಡಸು ನೀರು ಬಳಸುವ ಮನೆಗಳಲ್ಲಿ ಬಿಳಿ ಉಪ್ಪು ಕಟ್ಟಿ ಸ್ಪ್ರಿಂಗು ಹಿಡಿದುಕೊಳ್ಳುತ್ತದೆ. ಹಿಡಿ ಎತ್ತಿದರೂ ನೀರು ಬರದಿದ್ದರೆ ಆ ವಾಲ್ವನ್ನು ಕೆರೆದು ತೊಳೆದು ಮತ್ತೆ ಹಾಕಲು ಹೋಗಬೇಡಿ, ಹೊಸದು ತನ್ನಿ. ಬರುವವರೆಗೆ ಗೀಜರಿನ ಪ್ಲಗ್ ಕಿತ್ತಿಟ್ಟಿರಲಿ.