ಚೀಟಿಯ ಕೆಳಗಿನ ಕಡಿತ, ಚೀಟಿಯ ಮೇಲಿನ ಕಡಿತ

ಈರುಳ್ಳಿ ಸುಗ್ಗಿ ಬಂದರೆ ಸಾಕು, ಕಮಿಷನ್ ಏಜೆಂಟರು ರೈತರಿಗೆ ಕೊಟ್ಟ ಮಾರಾಟದ ಲೆಕ್ಕದ ಚೀಟಿಗಳ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತವೆ. ರೈತರಿಂದ ಕಮಿಷನ್ ಮುರಿಯುವ ಹಾಗೇ ಇಲ್ಲ ಎಂದು ಒಬ್ಬರು ಬರೆಯುತ್ತಾರೆ. ಹಾಗಾದರೆ ನಮ್ಮ ಚೀಟಿಯಲ್ಲಿ ಮುರಿದಿದ್ದಾರಲ್ಲ ಎಂದು ಇನ್ನೊಬ್ಬರು ಕೇಳುತ್ತಾರೆ. ಇಬ್ಬರ ಮಾತೂ ನಿಜ. ಹೀಗಾಗಿದ್ದು ಹೇಗೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬ್ರಿಟಿಷರ ಕಾಲದಲ್ಲೇ ಈ ದೂರು ಇತ್ತು. 1928ರಲ್ಲಿ ವರದಿ ಕೊಟ್ಟ ಕೃಷಿ ರಾಯಲ್ ಕಮಿಷನ್ ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದು ಹೇಳಲು ಒಂದು ದೊಡ್ಡ ಕಾರಣ ಇದೇ. ಬಟ್ಟೆಯ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದು, ಸ್ಯಾಂಪಲ್ ಅಂತ ಹಿಡಿ ಹಿಡಿ ಕಾಳು ತೆಗೆಯುವುದು, ಗುಡಿಗೆ ಗೋಶಾಲೆಗೆ ಅಂತ ಧರ್ಮದ ಹೆಸರಿನಲ್ಲಿ ಹಣ ಮುರಿಯುವುದು, ಎಲ್ಲವೂ ಆಗ ನಡೆಯುತ್ತಿದ್ದವು. ಮದ್ರಾಸ್, ಮುಂಬೈ ಪ್ರಾಂತ್ಯಗಳು, ಹೈದರಾಬಾದ್, ಮೈಸೂರು ಸಂಸ್ಥಾನಗಳು 1930ರ ದಶಕದಲ್ಲಿ ತಮ್ಮದೇ ಕಾಯ್ದೆ ತಂದವು. ರಾಜ್ಯ ಒಂದಾದ ಮೇಲೆ ಅವನ್ನೆಲ್ಲ ಸೇರಿಸಿ 1966ರಲ್ಲಿ ಕರ್ನಾಟಕದ ಎಪಿಎಂಸಿ ಕಾಯ್ದೆ ಬಂತು.

ಈಗಿನ ನಿಯಮ ಕೇಳಲು ತುಂಬಾ ಸರಳ. ಏಜೆಂಟ್ ತನ್ನ ಕಮಿಷನ್ನನ್ನು ಖರೀದಿದಾರನಿಂದ ಪಡೆಯಬೇಕು, ರೈತನಿಂದ ಅಲ್ಲ. ಮಾರುಕಟ್ಟೆ ಶುಲ್ಕ, ಅಂದರೆ ನಾವು ಸೆಸ್ ಅನ್ನುವುದು, ಅದೂ ಖರೀದಿದಾರನದೇ. ಹಮಾಲಿ ವಿಷಯದಲ್ಲಿ ಸಾಮಾನ್ಯವಾಗಿ ಒಂದು ಗೆರೆ ಇದೆ. ಗಾಡಿಯಿಂದ ಇಳಿಸುವುದು, ಹಸನು ಮಾಡುವುದು ಮಾರಾಟಕ್ಕೆ ಮುಂಚಿನ ಕೆಲಸ, ಅದರ ಖರ್ಚು ರೈತನದು. ತೂಗಿದ ಮೇಲೆ ಚೀಲ ಹೊಲಿಯುವುದು, ಲಾರಿಗೆ ಹೇರುವುದು ಖರೀದಿದಾರನದು. ದರ ಎಷ್ಟು ಅನ್ನುವುದನ್ನು ಆಯಾ ಮಾರುಕಟ್ಟೆ ಸಮಿತಿ ಗೊತ್ತು ಮಾಡುತ್ತದೆ.

ಇಷ್ಟು ಸ್ಪಷ್ಟವಾಗಿದ್ದರೂ ಗೊಂದಲ ಯಾಕೆ? ಒಂದು ಚೀಟಿಯನ್ನೇ ಬಿಡಿಸಿ ನೋಡೋಣ. ಅಂಕಿಗಳನ್ನು ಲೆಕ್ಕಕ್ಕಾಗಿ ನಾನೇ ಹಾಕಿಕೊಂಡಿದ್ದೇನೆ, ಬಾಬತ್ತುಗಳು ಮಾತ್ರ ಯಾರ್ಡಿಗೆ ಹೋಗುವ ಎಲ್ಲರಿಗೂ ಗೊತ್ತಿರುವಂಥವೇ.

ರೈತನೊಬ್ಬ 40 ಚೀಲ ಈರುಳ್ಳಿ ತಂದ. ಚೀಲಸಮೇತ ತೂಕ 2,050 ಕೆ.ಜಿ. ಕ್ವಿಂಟಲ್‌ಗೆ 1,500 ರೂಪಾಯಿಗೆ ಹರಾಜಾಯಿತು. ಏಜೆಂಟ್ ಮೊದಲು ಚೀಲದ ತೂಕ ಅಂತ ಚೀಲಕ್ಕೆ 1 ಕೆ.ಜಿ.ಯಂತೆ 40 ಕೆ.ಜಿ. ತೆಗೆದ. ಉಳಿದ 2,010 ಕೆ.ಜಿ.ಯಲ್ಲಿ ಕ್ವಿಂಟಲ್‌ಗೆ 2 ಕೆ.ಜಿ. ಲೆಕ್ಕದಲ್ಲಿ ಇನ್ನೊಂದು 40 ಕೆ.ಜಿ. ‘ಸೂಟ್’ ಅಂತ ಬಿಟ್ಟ. ಚೀಟಿಯಲ್ಲಿ ಬರೆದ ತೂಕ 1,970 ಕೆ.ಜಿ., ಮೊತ್ತ 29,550 ರೂಪಾಯಿ. ಅದರ ಕೆಳಗೆ ಕಮಿಷನ್ ಶೇ 8ರಂತೆ 2,364, ಹಮಾಲಿ ಚೀಲಕ್ಕೆ 10ರಂತೆ 400, ಲಾರಿ ಬಾಡಿಗೆ 2,400, ಇತರೆ 50. ರೈತನ ಕೈಗೆ ಬಂದಿದ್ದು 24,336 ರೂಪಾಯಿ.

ಈಗ ನಿಯಮದಂತೆ ಲೆಕ್ಕ ಹಾಕಿ. ಈರುಳ್ಳಿಗೆ ಬಳಸುವ ಪ್ಲಾಸ್ಟಿಕ್ ಬಲೆಚೀಲ 100 ಗ್ರಾಂ ತೂಗುತ್ತದೆ ಅಂದುಕೊಂಡರೆ 40 ಚೀಲಕ್ಕೆ 4 ಕೆ.ಜಿ. ಮಾತ್ರ. ನಿಜವಾದ ತೂಕ 2,046 ಕೆ.ಜಿ., ಮೊತ್ತ 30,690. ಲಾರಿ ಬಾಡಿಗೆಯನ್ನು ಏಜೆಂಟ್ ರೈತನ ಪರವಾಗಿ ಕೊಟ್ಟಿರುತ್ತಾನೆ, ಅದನ್ನು ಮುರಿಯುವುದರಲ್ಲಿ ತಪ್ಪಿಲ್ಲ. ಇಳಿಸಿದ ಹಮಾಲಿ ಒಪ್ಪೋಣ, ಅರ್ಧ ಅಂದರೆ 200. ರೈತನಿಗೆ ಸಿಗಬೇಕಾದದ್ದು 28,090 ರೂಪಾಯಿ. ವ್ಯತ್ಯಾಸ 3,754.

ಎಲ್ಲರ ಕಣ್ಣು ಕಮಿಷನ್ ಸಾಲಿನ ಮೇಲೇ ಬೀಳುತ್ತದೆ, ಸಹಜ. ಆದರೆ ಈ 3,754ರಲ್ಲಿ 1,140 ರೂಪಾಯಿ ಚೀಟಿಯ ಯಾವ ಸಾಲಿನಲ್ಲೂ ಇಲ್ಲ. ಅದು ತೂಕದಲ್ಲೇ ಹೋಗಿದೆ. ಹಣದ ಕಡಿತವನ್ನು ಕಾನೂನು ಬಿಗಿ ಮಾಡಿದಷ್ಟೂ ತೂಕದ ಕಡಿತಕ್ಕೆ ಬೆಲೆ ಬರುತ್ತದೆ. ಕಮಿಷನ್ ಮುರಿದರೆ ಅದು ಕಾಗದದಲ್ಲಿ ಉಳಿಯುತ್ತದೆ, ನಾಳೆ ಯಾರಾದರೂ ತೋರಿಸಬಹುದು. 80 ಕೆ.ಜಿ. ಬಿಟ್ಟು 1,970 ಅಂತ ಬರೆದರೆ ತೋರಿಸಲು ಏನಿದೆ? ಕೇಳಿದರೆ ಮಣ್ಣು, ಕೊಳೆತ ಗಡ್ಡೆ, ತೇವ ಅನ್ನುತ್ತಾರೆ. ಮಣ್ಣು ಇರುವುದು ಸುಳ್ಳಲ್ಲ. ಆದರೆ ಹರಾಜು ಕೂಗುವವರು ಮಾಲು ನೋಡಿಯೇ ದರ ಕೂಗುತ್ತಾರಲ್ವಾ? ಕೊಳೆತದ್ದಕ್ಕೆ ದರದಲ್ಲೊಮ್ಮೆ, ತೂಕದಲ್ಲೊಮ್ಮೆ ಮುರಿದ ಹಾಗಾಯಿತು.

ಇನ್ನು ಚೀಟಿಯ ಬಣ್ಣದ ವಿಷಯ. ಸಮಿತಿಯ ನಮೂನೆಯ ಅಧಿಕೃತ ಪಟ್ಟಿಯಲ್ಲಿ ಏಜೆಂಟನ ಲೈಸೆನ್ಸ್ ನಂಬರ್, ಖರೀದಿದಾರನ ಹೆಸರು, ತೂಕ, ದರ ಎಲ್ಲ ಇರಬೇಕು. ಬಹಳ ಕಡೆ ರೈತನಿಗೆ ಸಿಗುವುದು ಇದಲ್ಲ, ‘ಬಿಳಿ ಚೀಟಿ’. ಪ್ಯಾಡಿನಿಂದ ಹರಿದ ಹಾಳೆ, ಮೇಲೆ ದೇವರ ಹೆಸರು, ಕೆಳಗೆ ಕೂಡಿಸಿ ಕಳೆದ ಲೆಕ್ಕ. ಅಂಗಡಿಯ ಹೆಸರು ಕೂಡ ಕೆಲವೊಮ್ಮೆ ಇರುವುದಿಲ್ಲ. ಬಿಳಿ ಚೀಟಿಯಲ್ಲಿ ನಡೆದ ವ್ಯಾಪಾರ ಸಮಿತಿಯ ಲೆಕ್ಕಕ್ಕೆ ಬಾರದಿದ್ದರೆ ಖರೀದಿದಾರನಿಗೆ ಸೆಸ್ ಕೂಡ ಉಳಿಯುತ್ತದೆ. ಕಮಿಷನ್ ತನ್ನ ತಲೆಗೆ ಬರದಿರುವುದು ಖರೀದಿದಾರನಿಗೆ ಅನುಕೂಲ, ಖರೀದಿದಾರನ ಜೊತೆ ಜಗಳವಿಲ್ಲದಿರುವುದು ಏಜೆಂಟನಿಗೆ ಅನುಕೂಲ. ಸೆಸ್ ತಪ್ಪಿದ್ದರಿಂದ ಸಮಿತಿಗೂ ನಷ್ಟವೇ, ಆದರೂ ಯಾರ್ಡಿನ ದಿನದ ಗದ್ದಲದಲ್ಲಿ ಅದನ್ನು ಹಿಡಿಯುವ ಕೆಲಸ ನಿಧಾನ.

ಹಾಗಂತ ಏಜೆಂಟನಿಗೆ ಖರ್ಚೇ ಇಲ್ಲ ಅಂತಲ್ಲ. ಬಿತ್ತನೆಗೆ, ಮದುವೆಗೆ, ಆಸ್ಪತ್ರೆಗೆ ಮುಂಗಡ ಕೊಡುವವನು ಅವನೇ. ಖರೀದಿದಾರ ವಾರಗಟ್ಟಲೆ ಬಾಕಿ ಇಟ್ಟರೂ ರೈತನಿಗೆ ಆ ದಿನವೇ ಹಣ ಎಣಿಸಬೇಕು. ಈ ಸಾಲದ ಬೆಲೆ ಎಲ್ಲೋ ಒಂದು ಕಡೆ ವಸೂಲಾಗಬೇಕು, ಅದು ಚೀಟಿಯಲ್ಲಿ ಆಗುತ್ತಿದೆ. ಬಡ್ಡಿ ಅಂತ ಬರೆದಿದ್ದರೆ ರೈತ ಬ್ಯಾಂಕಿನ ಬಡ್ಡಿಯ ಜೊತೆ ಹೋಲಿಸಿ ನೋಡುತ್ತಿದ್ದ. ಕಮಿಷನ್, ಸೂಟ್ ಅಂತ ಬರೆದರೆ ಹೋಲಿಸಲು ಆಗುವುದಿಲ್ಲ. ಮುಂಗಡ ಪಡೆದವನು, ಪಡೆಯದವನು ಇಬ್ಬರಿಗೂ ಅದೇ ಕಡಿತ ಬೀಳುವುದು ಮಾತ್ರ ಯಾವ ಲೆಕ್ಕಕ್ಕೂ ಹೊಂದುವುದಿಲ್ಲ. ದೂರು ಕಡಿಮೆ ಬರುವುದಕ್ಕೂ ಇದೇ ಕಾರಣ. ಮುಂದಿನ ವರ್ಷ ಮುಂಗಡ ಕೇಳಬೇಕಾದ ಅಂಗಡಿಯ ಮೇಲೆ ಯಾರು ಅರ್ಜಿ ಕೊಡುತ್ತಾರೆ?

2014ರಿಂದ ರಾಜ್ಯದ ಯಾರ್ಡುಗಳಲ್ಲಿ ಆನ್‌ಲೈನ್ ಟೆಂಡರ್ ಬಂತು. ಲಾಟಿಗೆ ನಂಬರ್ ಬಿದ್ದು, ದರ ಕಂಪ್ಯೂಟರಿನಲ್ಲಿ ದಾಖಲಾದರೆ ಚೀಟಿಯಲ್ಲಿ ದರ ಬದಲಿಸುವುದು ಕಷ್ಟ. ಅದು ನಿಜವಾದ ಸುಧಾರಣೆ. ಆದರೆ ಬೇಗ ಕೆಡುವ ತರಕಾರಿ ಬಹುಪಾಲು ಹಳೆಯ ಹರಾಜಿನಲ್ಲೇ ಉಳಿಯಿತು. ತೂಕದ ವಿಷಯವನ್ನೂ ಕಂಪ್ಯೂಟರ್ ತಾನಾಗಿ ಬಗೆಹರಿಸುವುದಿಲ್ಲ. 2020ರಲ್ಲಿ ಕೇಂದ್ರದ ಕೃಷಿ ಕಾಯ್ದೆಗಳು ಬಂದಾಗ ಮಾಲನ್ನು ಯಾರ್ಡಿನ ಒಳಗೆ ಮಾರಬೇಕೋ ಹೊರಗೆ ಮಾರಬೇಕೋ ಎಂಬ ಜಗಳವೇ ದೊಡ್ಡದಾಯಿತು. 2021ರಲ್ಲಿ ಅವು ವಾಪಸಾದವು. ಚೀಟಿಯ ಲೆಕ್ಕ ಆ ಗಲಾಟೆಯಲ್ಲಿ ಮುಂದೆ ಬರಲೇ ಇಲ್ಲ.

ಮಾಲು ತರುವವರು ಪರೀಕ್ಷೆ ಮಾಡಿ ನೋಡಲು ಒಂದು ದಾರಿ ಇದೆ. ಯಾರ್ಡಿಗೆ ಬರುವ ಮುಂಚೆ ತುಂಬಿದ ಗಾಡಿಯನ್ನು ವೇಬ್ರಿಡ್ಜ್‌ನಲ್ಲಿ ತೂಗಿಸಿ ಚೀಟಿ ಇಟ್ಟುಕೊಳ್ಳಿ, ಇಳಿಸಿದ ಮೇಲೆ ಖಾಲಿ ಗಾಡಿಯನ್ನೂ ತೂಗಿಸಿ. ಒಂದು ಖಾಲಿ ಚೀಲವನ್ನು ಬೇರೆಯಾಗಿ ತೂಗಿ. ಏಜೆಂಟನ ಚೀಟಿಯಲ್ಲಿ ಚೀಲಸಮೇತ ತೂಕ, ಕಳೆದ ತೂಕ ಎರಡನ್ನೂ ಬರೆಸಿಕೊಳ್ಳಿ. ಬರೀ ನಿವ್ವಳ ತೂಕ ಬರೆದಿದ್ದರೆ ಆಗಲೇ ಕೇಳಬೇಕು. ಬಿಳಿ ಚೀಟಿ ಕೊಟ್ಟರೆ ಅಧಿಕೃತ ಪಟ್ಟಿ ಕೇಳಿ, ಸಿಗದಿದ್ದರೆ ಸಮಿತಿಯ ಕಾರ್ಯದರ್ಶಿಗೆ ಚೀಟಿಯ ನಕಲಿನ ಸಮೇತ ಅರ್ಜಿ ಕೊಡಬಹುದು. ಒಂದೇ ಊರಿನ ನಾಲ್ಕಾರು ಜನ ಒಟ್ಟಿಗೆ ಕೊಟ್ಟರೆ ಒಬ್ಬನ ಮುಂಗಡದ ಮೇಲೆ ಕಣ್ಣು ಬೀಳುವುದಿಲ್ಲ. ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಕಮಿಷನ್ ತನ್ನ ತಲೆಗೆ ಬಂತು ಅಂತ ಖರೀದಿದಾರ ಹರಾಜಿನಲ್ಲೇ ಅಷ್ಟು ಕಡಿಮೆ ಕೂಗಿದರೆ, ಅದನ್ನು ತೋರಿಸುವ ಚೀಟಿ ಎಲ್ಲೂ ಸಿಗುವುದಿಲ್ಲ.