‘ಡಿಎನ್ಆರ್’ ಅಂತ ಬರೆದು ಸಹಿ ಹಾಕಿದ್ರೆ ಸಾಲದು

ಕೆಲವು ವರ್ಷದ ಹಿಂದೆ ಒಬ್ಬ ರೋಗಿಯ ಫೈಲಲ್ಲಿ ನಾನೇ ಬರೆದ ಒಂದು ನೋಟ್ ಹೀಗಿತ್ತು: "ಫ್ಯಾಮಿಲಿ ಮೀಟಿಂಗ್ ಆಯ್ತು. ಕಾಯಿಲೆ ಸ್ಥಿತಿ ವಿವರಿಸಿದೆ. ಡಿಎನ್ಆರ್. ಕಂಫರ್ಟ್ ಕೇರ್." ಮುಕ್ಕಾಲು ಗಂಟೆ ಕೂತು ಮಾತಾಡಿದ್ದಕ್ಕೆ ನಾಲ್ಕು ತುಂಡು ವಾಕ್ಯ. ಅವತ್ತು ರಾತ್ರಿ ಆ ರೋಗಿ ಚಡಪಡಿಸೋಕೆ ಶುರು ಮಾಡಿದ್ರು, ಹಾಸಿಗೆಯಿಂದ ಎದ್ದೇಳೋಕೆ ನೋಡೋದು, ಬಟ್ಟೆ ಕಿತ್ತಾಕೋದು, ನರಳೋದು. ಡ್ಯೂಟಿಲಿದ್ದವರು ಫೈಲ್ ತೆಗೆದು ನೋಡಿದ್ರು, ಡಿಎನ್ಆರ್ ಅಂತಿದೆ, ಕೊನೆಗಾಲದ ಚಡಪಡಿಕೆ ಇರ್ಬೇಕು ಅಂದ್ಕೊಂಡು ಬೆಳಗಿನ ರೌಂಡ್ಸ್ ತನಕ ಹಾಗೇ ಬಿಟ್ರು. ಬೆಳಿಗ್ಗೆ ನಾನು ಹೊಟ್ಟೆ ಮುಟ್ಟಿ ನೋಡಿದ್ರೆ ಹೊಕ್ಕುಳಿನ ಕೆಳಗೆ ಗಟ್ಟಿಯಾಗಿ ಉಬ್ಬಿಕೊಂಡಿದೆ. ಕ್ಯಾತಿಟರ್ ಹಾಕಿದ್ವಿ, 900 ಎಂಎಲ್ ಯೂರಿನ್ ಬಂತು, ಹತ್ತು ನಿಮಿಷಕ್ಕೆ ನಿದ್ದೆ ಹೋದ್ರು.

ಮೂತ್ರ ಕಟ್ಟಿದ್ದಕ್ಕೂ, ಹಾರ್ಟ್ ನಿಂತಾಗ ಎದೆ ಒತ್ತಬೇಡಿ ಅನ್ನೋ ಡಿಎನ್ಆರ್‌ಗೂ ಏನೇನೂ ಸಂಬಂಧ ಇಲ್ಲ. ಆದ್ರೆ ಮೀಟಿಂಗಲ್ಲಿ ಇಲ್ಲದೇ ಇದ್ದ ಒಬ್ಬರಿಗೆ ನಡುರಾತ್ರಿಲಿ ಆ ಮೂರಕ್ಷರ "ಇನ್ನೇನೂ ಮಾಡೋದಿಲ್ಲ" ಅಂತ ಕೇಳಿಸಿತ್ತು. ಅದರಲ್ಲಿ ಅವರ ತಪ್ಪಿಗಿಂತ ನನ್ನ ನೋಟಿನ ತಪ್ಪು ಜಾಸ್ತಿ. ಅವತ್ತಿಂದ ನಾನು ಈ ನೋಟನ್ನ ಬರೆಯೋದು ರಾತ್ರಿ ಎರಡೂವರೆಗೆ ಮೊದಲ ಸಲ ಈ ರೋಗಿನ ನೋಡೋ ಡಾಕ್ಟರಿಗೆ ಅಂತ ಅಂದ್ಕೊಂಡೇ.

ಒಂದು ಕೇಸ್ ಹೇಳ್ತೀನಿ, ಗುರುತು ಸಿಗದ ಹಾಗೆ ವಿವರ ಬದಲಾಯಿಸಿದೀನಿ. ಅರವತ್ತಾರು ವರ್ಷದವರು, ಶ್ವಾಸಕೋಶದ ಕ್ಯಾನ್ಸರ್, ಲಿವರಿಗೂ ಮೂಳೆಗೂ ಹರಡಿದೆ, ಎರಡು ತರದ ಕೀಮೋ ಆಗಿ ಎರಡೂ ಕೆಲಸ ಮಾಡೋದು ನಿಲ್ಸಿವೆ. ಈಗ ನ್ಯುಮೋನಿಯಾ ಅಂತ ಅಡ್ಮಿಟ್, ಮೂಗಿನ ಕೆಳಗೆ ಟ್ಯೂಬಲ್ಲಿ ನಿಮಿಷಕ್ಕೆ ನಾಲ್ಕು ಲೀಟರ್ ಆಕ್ಸಿಜನ್. ಎಚ್ಚರ ಇದಾರೆ, ಸುಸ್ತಿದೆ, ಮಧ್ಯಾಹ್ನ ಚೆನ್ನಾಗಿ ಮಾತಾಡ್ತಾರೆ, ಸಂಜೆ ಮೇಲೆ ಸ್ವಲ್ಪ ಗೊಂದಲ. ಹೆಂಡತಿ, ಮಗಳು ಪಕ್ಕದಲ್ಲೇ ಇದಾರೆ, ಮಗ ಬೇರೆ ಊರಲ್ಲಿ.

ಮೀಟಿಂಗಿಗೆ ಮುಂಚಿನ ಹತ್ತು ನಿಮಿಷ ಬಹಳ ಮುಖ್ಯ, ಅದನ್ನ ಸುಮಾರು ಜನ ಬಿಟ್ಬಿಡ್ತಾರೆ. ಕ್ಯಾನ್ಸರ್ ಡಾಕ್ಟರು, ವಾರ್ಡ್ ನರ್ಸ್, ನಾನು ಹೊರಗೆ ನಿಂತು ಒಂದೇ ಮಾತಿಗೆ ಬಂದ್ವಿ: ಇನ್ನು ಕೀಮೋ ಇಲ್ಲ, ನ್ಯುಮೋನಿಯಾ ವಾಸಿಯಾದ್ರೂ ಉಳಿದಿರೋದು ವಾರಗಳ ಲೆಕ್ಕ, ಆಗದಿದ್ರೆ ದಿನಗಳು. ಇದನ್ನ ಒಳಗೆ ಹೋಗಿ ಅವರೆದುರೇ ಚರ್ಚೆ ಮಾಡೋಕೆ ಕೂತ್ರೆ ಮನೆಯವರು ಯಾರು ಹೆಚ್ಚು ಭರವಸೆ ಕೊಟ್ರೋ ಅವರ ಕಡೆ ವಾಲ್ತಾರೆ, ಅದು ಸಹಜ ಕೂಡ.

ಇನ್ನೊಂದು ಕೆಲಸ ಹಿಂದಿನ ದಿನ ಮಧ್ಯಾಹ್ನವೇ ಮುಗಿಸಿದ್ದೆ, ರೋಗಿ ಜೊತೆ ಒಬ್ಬನೇ ಕೂತು ಮಾತು. ಏನಾಗ್ತಿದೆ ಅಂತ ನಿಮಗೆ ಅನ್ಸುತ್ತೆ ಸರ್ ಅಂದೆ. "ಕಾಯಿಲೆ ಗೆದ್ದಿದೆ ಡಾಕ್ಟ್ರೇ, ಅವಳಿಗೆ ಹೇಳೋಕೆ ಧೈರ್ಯ ಇಲ್ಲ" ಅಂದ್ರು. ಉಸಿರಾಟ ತೀರಾ ಕೆಟ್ರೆ ಗಂಟಲಿಗೆ ಟ್ಯೂಬ್ ಹಾಕಿ ಮೆಷಿನ್ನಿಗೆ ಹಾಕೋದು ಅಂತ ಒಂದಿದೆ, ಹಾಕಿದ್ರೆ ಮಾತಾಡೋಕಾಗಲ್ಲ, ಬಹುಶಃ ಅದರಿಂದ ಹೊರಗೂ ಬರೋಕಾಗಲ್ಲ ಅಂತ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ನಿದ್ದು "ಮೆಷಿನ್ ಬೇಡ. ಮಗ ಬರೋ ತನಕ ಮಾತಾಡೋ ಹಾಗಿಡಿ ಸಾಕು" ಅಂದ್ರು. ಹಾರ್ಟ್ ನಿಂತ್ರೆ ಎದೆ ಒತ್ತೋದರ ಬಗ್ಗೆನೂ ಹೇಳಿದೆ, ಅದೂ ಬೇಡ ಅಂದ್ರು. ನಾನು ಹೇಳಿದ್ದನ್ನ ನೆನಪಿಟ್ಟು, ಅಳೆದು ತೂಗಿ, ತಮ್ಮ ಮಾತಲ್ಲೇ ವಾಪಸ್ ಹೇಳಿದ್ರು, ನಿರ್ಧಾರ ಮಾಡೋ ಸಾಮರ್ಥ್ಯ ಇದೆ ಅನ್ನೋದಕ್ಕೆ ನಾವು ನೋಡೋದು ಇದನ್ನೇ. ನೋಟಲ್ಲಿ "ರೋಗಿಗೆ ಸಾಮರ್ಥ್ಯ ಇದೆ" ಅಂತಷ್ಟೇ ಬರೆದ್ರೆ ಆಗಲ್ಲ, ಯಾವತ್ತು, ಎಷ್ಟು ಗಂಟೆಗೆ, ಯಾವ ಮಾತು ನೋಡಿ ಹಾಗಂದ್ರಿ ಅಂತ ಬರೀಬೇಕು, ಯಾಕಂದ್ರೆ ಸಂಜೆ ಏಳಕ್ಕೆ ನೋಡಿದವರಿಗೆ ಬೇರೇನೇ ಕಾಣಿಸುತ್ತೆ. ಮನೆಯವರಿಗೆ ಇದನ್ನ ನಾನು ಹೇಳಬಹುದಾ ಅಂತ ಕೇಳಿದೆ, ಹೇಳಿ, ನಂಗೆ ಮೀಟಿಂಗಲ್ಲಿ ಕೂರೋಕೆ ಶಕ್ತಿ ಇಲ್ಲ ಅಂದ್ರು. ಆ ಒಪ್ಪಿಗೆನೂ ನೋಟಿಗೆ ಹೋಗ್ಬೇಕು.

ಮೀಟಿಂಗಲ್ಲಿ ಮೊದಲ ಕಾಲು ಗಂಟೆ ನಾವು ಜಾಸ್ತಿ ಮಾತಾಡಲೇ ಇಲ್ಲ. ಮಗಳಿಗೆ ಗೊತ್ತಿತ್ತು. ಹೆಂಡತಿಗೆ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ. ಫೋನಲ್ಲಿದ್ದ ಮಗನಿಗೆ ಮಾತ್ರ ಹೋದ ತಿಂಗಳು ನೋಡಿದ ಅಪ್ಪನೇ ಕಣ್ಮುಂದೆ ಇದ್ದದ್ದು. "ಹಂಗಾದ್ರೆ ಅಪ್ಪನಿಗೆ ಏನೂ ಮಾಡದೆ ಬಿಟ್ಬಿಡ್ತೀರಾ?" ಅಂದ.

ಇಲ್ಲಿ ಎಡವೋರೇ ಜಾಸ್ತಿ. "ಹಾರ್ಟ್ ನಿಂತ್ರೆ ಸಿಪಿಆರ್ ಮಾಡ್ಬೇಕಾ ಬೇಡ್ವಾ, ನೀವೇ ಹೇಳಿ" ಅಂತ ಕೇಳೋದಿದೆಯಲ್ಲ, ಅದು ಕೇಳೋಕೆ ತುಂಬಾ ಗೌರವದ ಪ್ರಶ್ನೆ ತರ ಇರುತ್ತೆ, ಆದ್ರೆ ಮಗನ ತಲೆ ಮೇಲೆ ಅಪ್ಪನ ಸಾವಿನ ಸಹಿ ಹೊರಿಸಿದ ಹಾಗೆ. ನಾನು ಮೊದಲು ಅವರಪ್ಪ ಹಿಂದಿನ ದಿನ ಹೇಳಿದ ಮಾತನ್ನ ಹೇಳಿದೆ. ಆಮೇಲೆ ಸಿಪಿಆರ್ ಅಂದ್ರೆ ಏನು ಅಂತ. ಎದೆಯನ್ನ ಐದಾರು ಸೆಂಟಿಮೀಟರ್ ಒಳಕ್ಕೆ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತಬೇಕು, ಪಕ್ಕೆಲುಬು ಮುರಿಯೋದು ಸಾಮಾನ್ಯ. ಇದ್ದಕ್ಕಿದ್ದ ಹಾಗೆ ಹಾರ್ಟಿನ ಲಯ ತಪ್ಪಿ ನಿಂತಾಗ, ಹಿಂದಿನ ಕಾರಣ ಸರಿ ಮಾಡೋಕಾಗೋ ಹಾಗಿದ್ರೆ ಅದು ಜೀವ ಉಳಿಸುತ್ತೆ. ಇವರಲ್ಲಿ ಹಾರ್ಟ್ ನಿಲ್ಲೋದು ಕ್ಯಾನ್ಸರಿಂದ ದೇಹ ಪೂರ್ತಿ ಸೋತ ಮೇಲೆ, ಒತ್ತಿದ್ರೂ ಸೋತಿರೋದು ವಾಪಸ್ ಬರಲ್ಲ. "ಅದಕ್ಕೆ ನಾವು ಅದನ್ನ ಮಾಡಲ್ಲ ಅಂತ ಹೇಳ್ತಿದೀವಿ, ಇದು ನಮ್ಮ ಸಲಹೆ, ನಿಮ್ಮ ಮೇಲೆ ಹಾಕ್ತಿರೋ ನಿರ್ಧಾರ ಅಲ್ಲ. ಏನೇನು ಮಾಡ್ತೀವಿ ಅಂತ ಈಗ ಹೇಳ್ತೀನಿ" ಅಂದೆ. ಮಗ ಒಪ್ಪಲಿಲ್ಲ. ಸಿಟ್ಟೂ ಮಾಡ್ಕೊಳ್ಳಲಿಲ್ಲ, "ನಾನು ಬಂದು ನೋಡ್ತೀನಿ" ಅಂದ ಅಷ್ಟೆ.

ಈಗ ನೋಟ್. ತಾರೀಖು, ಶುರುವಾದ ಸಮಯ, ಯಾರ್ಯಾರಿದ್ರು, ಅವರು ರೋಗಿಗೆ ಏನಾಗಬೇಕು, ಫೋನಲ್ಲಿ ಯಾರು, ಇದೆಲ್ಲ ಎರಡು ಸಾಲು. ಅದಾದ ತಕ್ಷಣ ನಾನು ಬರೆಯೋದು ರೋಗಿಯ ಮಾತು, ಅವರು ಹೇಳಿದ ಹಾಗೇ, ನನ್ನ ಭಾಷೆಗೆ ತಿರುಗಿಸದೆ: "ಮೆಷಿನ್ ಬೇಡ. ಮಗ ಬರೋ ತನಕ ಮಾತಾಡೋ ಹಾಗಿಡಿ." ಆರೈಕೆಯ ಗುರಿ ಅಂತ ನಾವು ಏನನ್ನ ಕರೀತೀವೋ ಅದು ಆ ಎರಡು ವಾಕ್ಯದಲ್ಲೇ ಇದೆ. "ಗುರಿ: ಕಂಫರ್ಟ್" ಅಂತ ಬರೆದಿದ್ರೆ ರಾತ್ರಿ ಡಾಕ್ಟರು ಉಸಿರಾಟದ ಕಷ್ಟಕ್ಕೆ ಪೂರ್ತಿ ನಿದ್ದೆ ಬರೋ ಹಾಗೆ ಔಷಧಿ ಕೊಟ್ಟುಬಿಡಬಹುದಿತ್ತು, ಅದೂ ಕಂಫರ್ಟೇ ಅಲ್ವಾ. ಈ ಮಾತು ಓದಿದವರು ಎಚ್ಚರ ಇರೋ ಡೋಸಿಂದ ಶುರು ಮಾಡ್ತಾರೆ.

ಆಮೇಲೆ ಒಂದೊಂದು ಚಿಕಿತ್ಸೆನೂ ಬೇರೆ ಬೇರೆ ವಾಕ್ಯದಲ್ಲಿ. ಅವತ್ತು ಬರೆದದ್ದು ಹೆಚ್ಚುಕಮ್ಮಿ ಹೀಗಿತ್ತು: "ಹಾರ್ಟ್ ನಿಂತ್ರೆ ಸಿಪಿಆರ್ ಇಲ್ಲ, ಕಾರಣ: ಹರಡಿದ ಕ್ಯಾನ್ಸರ್ ಕೊನೆ ಹಂತ, ಫಲಿಸುವುದಿಲ್ಲ, ರೋಗಿಯೂ ಬೇಡ ಅಂದಿದ್ದಾರೆ. ಗಂಟಲ ಟ್ಯೂಬ್, ವೆಂಟಿಲೇಟರ್, ಐಸಿಯು ಇಲ್ಲ. ಬಿಗಿ ಮಾಸ್ಕಿನ ಮೆಷಿನ್ ಕೂಡ ಇಲ್ಲ, ಮಾತಾಡೋಕೆ ಅಡ್ಡಿ. ಮೂಗಿನ ಆಕ್ಸಿಜನ್ ಮುಂದುವರಿಸಿ. ನರಕ್ಕೆ ಆಂಟಿಬಯಾಟಿಕ್ 72 ಗಂಟೆ ಕೊಟ್ಟು ನೋಡುವುದು. ಜ್ವರ ಇಳಿದು ಆಕ್ಸಿಜನ್ ಎರಡು ಲೀಟರಿಗೆ ಬಂದರೆ ಕೋರ್ಸ್ ಮುಗಿಸುವುದು, ಆಕ್ಸಿಜನ್ ಏರುತ್ತಲೇ ಹೋದರೆ ಮತ್ತೆ ಮನೆಯವರ ಜೊತೆ ಕೂತು ನಿಲ್ಲಿಸುವುದು. ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ, ಔಷಧಿ ಅಲರ್ಜಿ ಆದರೆ, ಮೂತ್ರ ಕಟ್ಟಿದರೆ ತಕ್ಷಣ ಚಿಕಿತ್ಸೆ ಕೊಡಿ." ಕೊನೇ ವಾಕ್ಯ ಎಲ್ಲಿಂದ ಬಂತು ಅಂತ ನಿಮಗೀಗ ಗೊತ್ತು, ಅದನ್ನ ನಾನು ಯಾವ ನೋಟಲ್ಲೂ ಬಿಡಲ್ಲ.

"ನೋ ಎಸ್ಕಲೇಶನ್" ಅಂತ ಬರೆಯೋ ಅಭ್ಯಾಸ ಸುಮಾರು ಕಡೆ ಇದೆ. ಅದನ್ನ ಓದಿ ಒಬ್ಬರು ವೆಂಟಿಲೇಟರ್ ಬೇಡ ಅಂತ ತಿಳ್ಕೊಂಡ್ರೆ, ಇನ್ನೊಬ್ಬರು ಮಾರ್ಫಿನ್ ಡೋಸೂ ಏರಿಸಬಾರದು ಅಂತ ತಿಳ್ಕೊಳ್ತಾರೆ. ದಯವಿಟ್ಟು ಬೇಡ.

ಔಷಧಿ ಸಾಲು ಇಲ್ಲದೆ ಈ ನೋಟ್ ಅರ್ಧ. ಇವರು ನೋವಿಗೆ ಅಂತ ಮೊದಲೇ ಮಾರ್ಫಿನ್ ಬಾಯಿಂದ 10 ಎಂಜಿ ನಾಲ್ಕು ಗಂಟೆಗೊಮ್ಮೆ ತಗೋತಿದ್ರು, ಅಂದ್ರೆ ದಿನಕ್ಕೆ 60, ಕಿಡ್ನಿ ಚೆನ್ನಾಗಿತ್ತು. ಮಧ್ಯೆ ಕಷ್ಟ ಬಂದ್ರೆ ಕೊಡೋ ಎಕ್ಸ್ಟ್ರಾ ಡೋಸ್ ದಿನದ ಒಟ್ಟಿನ ಆರರಲ್ಲೊಂದು ಪಾಲು, ಅಂದ್ರೆ 10 ಎಂಜಿ, ನುಂಗೋಕಾಗದಿದ್ರೆ ಚರ್ಮದ ಕೆಳಗೆ ಅದರರ್ಧ, 5 ಎಂಜಿ. ಅದಕ್ಕೂ ಕಡಿಮೆ ಆಗದೆ ಗಾಬರಿ ಜಾಸ್ತಿಯಾದ್ರೆ ನಿದ್ದೆ ಬರಿಸೋ ಮಿಡಜೋಲಾಮ್ 2.5 ಎಂಜಿ. ಇದು ಈ ಒಬ್ಬರ ಲೆಕ್ಕ, ಮಾರ್ಫಿನ್ ಮೊದಲ ಸಲ ತಗೊಳ್ಳೋರಿಗೋ ಕಿಡ್ನಿ ಸೋತವರಿಗೋ ಇದನ್ನ ಹಾಗೇ ಹಾಕೋ ಹಾಗಿಲ್ಲ. ಇಷ್ಟನ್ನ ಔಷಧಿ ಚಾರ್ಟಲ್ಲೂ ಬರೆದು, ವಾರ್ಡಲ್ಲಿ ಸ್ಟಾಕ್ ಇದೆಯಾ ಅಂತ ನರ್ಸ್ ಹತ್ರ ಕೇಳಿ ಆಮೇಲೇ ಎದ್ದೆ.

ಕೊನೆಗೆ ಭಿನ್ನಾಭಿಪ್ರಾಯ. ಇದನ್ನ ಬರೆಯೋಕೆ ಎಲ್ಲರೂ ಹಿಂಜರೀತಾರೆ, "ಮನೆಯವರು ಒಪ್ಪಿದ್ದಾರೆ" ಅಂತ ಒಂದೇ ಸಾಲಲ್ಲಿ ಮುಗಿಸ್ತಾರೆ. ನಾನು ಬರೆದದ್ದು: "ಹೆಂಡತಿ, ಮಗಳು ರೋಗಿಯ ಇಚ್ಛೆ ಕೇಳಿ ಒಪ್ಪಿದರು. ಮಗನಿಗೆ ಇನ್ನೂ ಒಪ್ಪಿಗೆಯಿಲ್ಲ, ಏನೂ ಮಾಡದೆ ಬಿಡುತ್ತಾರೆ ಎಂಬ ಭಯ. ನಾಳೆ ಸಂಜೆ ಬರುತ್ತಾರೆ, ಬಂದ ಮೇಲೆ ಅಪ್ಪನ ಜೊತೆ ಕೂರಿಸಿ ಮತ್ತೆ ಮಾತು. ಅಲ್ಲಿಯವರೆಗೂ ಮೇಲಿನ ಪ್ಲಾನ್ ಜಾರಿಯಲ್ಲಿದೆ. ರಾತ್ರಿ ಸ್ಥಿತಿ ಕೆಟ್ಟರೆ ಮಗನಿಗೆ ಫೋನ್ ಮಾಡಿ." ಕೊನೇ ಎರಡು ವಾಕ್ಯ ಇಲ್ಲದಿದ್ರೆ, ರಾತ್ರಿ ಮಗ ಫೋನಲ್ಲಿ ಕೂಗಾಡಿದ ತಕ್ಷಣ ಪ್ಲಾನೇ ತಲೆಕೆಳಗಾಗಿ ಗಂಟಲಿಗೆ ಟ್ಯೂಬ್ ಹಾಕಿಬಿಡ್ತಾರೆ, ನಾನದನ್ನ ನೋಡಿದೀನಿ.

ಇಂಥ ನಿರ್ಧಾರಕ್ಕೆ ಎಷ್ಟು ಡಾಕ್ಟರ ಸಹಿ ಬೇಕು, ಯಾವ ಫಾರಂ ಅನ್ನೋದು ಆಯಾ ದೇಶದ ಕಾನೂನು, ಅದನ್ನ ಬೇರೆ ತುಂಬಲೇಬೇಕು, ಈ ನೋಟ್ ಅದರ ಬದಲಿಗಲ್ಲ.

ಅವತ್ತು ರಾತ್ರಿನೇ ಉಸಿರಾಟ ಕೆಡ್ತು. ಎರಡೂ ಮುಕ್ಕಾಲಿಗೆ ಫೋನ್ ಬಂತು, ಆಗತಾನೇ ಕೆಲಸಕ್ಕೆ ಸೇರಿದ ಡ್ಯೂಟಿ ಡಾಕ್ಟರ್ ಹುಡುಗಿ. "ಸರ್, ಸ್ಯಾಚುರೇಷನ್ 82 ಆಗಿತ್ತು, ಆಕ್ಸಿಜನ್ ಆರಕ್ಕೇರಿಸಿದೀನಿ, ಹೊಟ್ಟೆ ಮುಟ್ಟಿ ನೋಡಿದೆ, ಬ್ಲಾಡರ್ ಖಾಲಿ ಇದೆ. ಮಾರ್ಫಿನ್ ಐದು ಚರ್ಮದ ಕೆಳಗೆ ಕೊಟ್ಟು ಇಪ್ಪತ್ತು ನಿಮಿಷ ಆಯ್ತು, ಈಗ ಪರವಾಗಿಲ್ಲ, ಎಚ್ಚರ ಇದಾರೆ. ಮಗನಿಗೆ ಫೋನ್ ಮಾಡಿದೀನಿ, ಅವರು ಈಗಲೇ ಹೊರಡ್ತಾರಂತೆ. ಮಿಡಜೋಲಾಮ್ ಕೊಟ್ಟಿಲ್ಲ ಸರ್, ಮಗ ಬರೋ ತನಕ ಮಾತಾಡ್ಬೇಕು ಅಂತ ಬರೆದಿದೆಯಲ್ಲ."