ಜಂಟಿ ಎಫ್‌ಡಿಯಲ್ಲಿ ‘ಈದರ್ ಆರ್ ಸರ್ವೈವರ್’: ಯಾವಾಗ ಒಂದು ಸಹಿ ಸಾಕು, ಯಾವಾಗ ಸಾಲದು

ಜಂಟಿ ಖಾತೆಯ ಅರ್ಜಿಯಲ್ಲಿ ‘ಮೋಡ್ ಆಫ್ ಆಪರೇಷನ್’ ಎಂಬ ಸಾಲೊಂದಿದೆ. ಎಲ್ಲರೂ ಬದುಕಿದ್ದಾಗ ಯಾರ ಸಹಿಗೆ ಹಣ ಸಿಗುತ್ತದೆ, ಒಬ್ಬರು ತೀರಿಕೊಂಡರೆ ಯಾರಿಗೆ ಸಿಗುತ್ತದೆ ಎಂಬುದನ್ನು ಅಲ್ಲಿ ಹಾಕುವ ಟಿಕ್ ತೀರ್ಮಾನಿಸುತ್ತದೆ.

‘ಈದರ್ ಆರ್ ಸರ್ವೈವರ್’ ಎಂದರೆ ಇಬ್ಬರಲ್ಲಿ ಯಾರಾದರೂ ಒಬ್ಬರ ಸಹಿ ಸಾಕು. ಒಬ್ಬರು ತೀರಿಕೊಂಡರೆ ಉಳಿದವರಿಗೆ ಹಣ. ಮೂವರು ಅಥವಾ ಹೆಚ್ಚು ಜನರಿದ್ದರೆ ಅದೇ ಏರ್ಪಾಡಿಗೆ ‘ಎನಿವನ್ ಆರ್ ಸರ್ವೈವರ್’ ಎನ್ನುತ್ತಾರೆ. ‘ಫಾರ್ಮರ್ ಆರ್ ಸರ್ವೈವರ್’ನಲ್ಲಿ ಮೊದಲ ಹೆಸರಿನವರು ಬದುಕಿರುವವರೆಗೆ ವ್ಯವಹಾರವೆಲ್ಲ ಅವರದೇ. ಎರಡನೆಯವರ ಸಹಿಗೆ ಅಲ್ಲಿಯವರೆಗೆ ಬೆಲೆಯಿಲ್ಲ. ಹಾಗಾಗಿ ಇಲ್ಲಿ ಹೆಸರುಗಳ ಕ್ರಮವೇ ಮುಖ್ಯ: ತಾಯಿಯ ಹಣಕ್ಕೆ ಮಗನನ್ನು ಸೇರಿಸುವಾಗ ಮಗನ ಹೆಸರು ಮೊದಲು ಬಂದುಬಿಟ್ಟರೆ, ತನ್ನ ಹಣ ತೆಗೆಯಲು ತಾಯಿಗೇ ಅಧಿಕಾರವಿರುವುದಿಲ್ಲ. ಇನ್ನು ‘ಜಾಯಿಂಟ್ಲಿ’ ಎಂದಿದ್ದರೆ ಪ್ರತಿ ಸಲವೂ ಎಲ್ಲರೂ ಸಹಿ ಹಾಕಬೇಕು.

ಉಳಿತಾಯ ಖಾತೆಯಲ್ಲಿ ಇದಿಷ್ಟೂ ಸಲೀಸಾಗಿ ನಡೆಯುತ್ತದೆ. ಗೊಂದಲ ಬರುವುದು ಎಫ್‌ಡಿಯಲ್ಲಿ. ಅಲ್ಲಿ ‘ಈದರ್’ ಎಂಬ ಮಾತು ಅನ್ವಯಿಸುವುದು ಅವಧಿ ಮುಗಿದ ಮೇಲಿನ ಪಾವತಿಗೆ. ಅವಧಿಗೆ ಮುಂಚೆ ಎಫ್‌ಡಿ ಮುರಿಸಬೇಕಾದರೆ ಇಬ್ಬರ ಸಹಿಯೂ ಬೇಕಾಗುತ್ತದೆ. ರಿಸರ್ವ್ ಬ್ಯಾಂಕ್ 2012ರ ಸುತ್ತೋಲೆಯಲ್ಲಿ ಇದನ್ನು ಬಿಡಿಸಿ ಹೇಳಿದೆ. ‘ಫಾರ್ಮರ್’ ವಿಧಾನಕ್ಕೂ ಇದೇ ಮಾತು: ಅವಧಿ ಮುಗಿದಾಗ ಮೊದಲನೆಯವರೊಬ್ಬರೇ ತೆಗೆಯಬಹುದು, ನಡುವೆ ಮುರಿಸಲು ಇಬ್ಬರೂ ಒಪ್ಪಬೇಕು.

ಒಂದು ಉದಾಹರಣೆ ನೋಡೋಣ. ಗಂಡ ಹೆಂಡತಿ 2022ರ ಜೂನ್ 10ರಂದು ಆರು ಲಕ್ಷ ರೂಪಾಯಿಯನ್ನು ಐದು ವರ್ಷಕ್ಕೆ ಎಫ್‌ಡಿ ಇಟ್ಟಿದ್ದಾರೆ. ವಿಧಾನ ‘ಈದರ್ ಆರ್ ಸರ್ವೈವರ್’. 2024ರ ಫೆಬ್ರವರಿಯಲ್ಲಿ ಗಂಡ ತೀರಿಕೊಂಡರು. ಆಸ್ಪತ್ರೆಯ ಬಿಲ್ ಕಟ್ಟಲು ಹೆಂಡತಿ ಎಫ್‌ಡಿ ಮುರಿಸಹೋದರೆ, ‘ಉಳಿದವರು ನಾನೊಬ್ಬಳೇ, ನನ್ನ ಸಹಿ ಸಾಕಲ್ಲ’ ಎಂದು ಅವರಿಗನ್ನಿಸುವುದು ಸಹಜ. ಆದರೆ ಬ್ಯಾಂಕು ಗಂಡನ ಇತರ ವಾರಸುದಾರರ, ಅಂದರೆ ಮಕ್ಕಳ ಮತ್ತು ಬದುಕಿದ್ದರೆ ಗಂಡನ ತಾಯಿಯ, ಒಪ್ಪಿಗೆಯನ್ನೂ ಕೇಳುತ್ತದೆ. ಒಬ್ಬ ಮಗ ದೂರದ ಊರಿನಲ್ಲಿದ್ದರೂ, ಮುನಿಸಿಕೊಂಡಿದ್ದರೂ ಕೆಲಸ ಅಲ್ಲಿಗೇ ನಿಂತಿತು. 2027ರ ಜೂನ್ 10ರವರೆಗೆ ಕಾದರೆ ಮಾತ್ರ ಅವರೊಬ್ಬರ ಸಹಿಗೇ ಹಣ ಬರುತ್ತದೆ.

ಹೀಗೇಕೆ? ಒಪ್ಪಂದದಲ್ಲಿ ಇಬ್ಬರೂ ಸೇರಿ ಐದು ವರ್ಷ ಎಂದು ಗೊತ್ತುಮಾಡಿದ್ದಾರೆ. ಅವಧಿ ಮುಗಿದಾಗ ಯಾರಿಗೆ ಕೊಡಬೇಕೆಂಬುದಕ್ಕೆ ಮಾತ್ರ ಅವರ ಆದೇಶ ಇದೆ. ಅವಧಿಯನ್ನೇ ಬದಲಿಸುವುದೆಂದರೆ ಒಪ್ಪಂದವನ್ನೇ ಬದಲಿಸಿದಂತೆ, ಅದಕ್ಕೆ ತೀರಿಕೊಂಡವರ ಪರವಾಗಿ ವಾರಸುದಾರರ ದನಿಯೂ ಬೇಕು.

ಇದಕ್ಕೆ ಪರಿಹಾರವನ್ನೂ ಅದೇ ಸುತ್ತೋಲೆ ಕೊಟ್ಟಿದೆ. ‘ನಮ್ಮಲ್ಲಿ ಒಬ್ಬರು ತೀರಿಕೊಂಡರೆ, ಉಳಿದವರು ಅವಧಿಗೆ ಮುಂಚೆಯೂ ಹಣ ತೆಗೆಯಬಹುದು’ ಎಂದು ಇಬ್ಬರೂ ಸೇರಿ ಬರೆದುಕೊಟ್ಟಿದ್ದರೆ ವಾರಸುದಾರರ ಒಪ್ಪಿಗೆ ಬೇಕಿಲ್ಲ. ಈ ಜಂಟಿ ಮ್ಯಾಂಡೇಟ್ ಹಲವು ಬ್ಯಾಂಕುಗಳ ಅರ್ಜಿಯಲ್ಲಿ ಸಣ್ಣ ಅಕ್ಷರದಲ್ಲಿ, ಬೇರೆ ಸಹಿಯ ಜಾಗದೊಡನೆ ಇರುತ್ತದೆ. ಇಲ್ಲದಿದ್ದರೆ ಕೇಳಿ ಬರೆಸಬೇಕು. ಹಳೆಯ ಎಫ್‌ಡಿಗೂ ಇಬ್ಬರೂ ಬದುಕಿರುವಾಗಲೇ ಒಂದು ಪತ್ರ ಕೊಟ್ಟು, ಬ್ಯಾಂಕಿನ ಸ್ವೀಕೃತಿ ಮೊಹರಿರುವ ಪ್ರತಿಯನ್ನು ರಸೀದಿಯ ಜೊತೆ ಇಟ್ಟುಕೊಳ್ಳಿ. ಮ್ಯಾಂಡೇಟ್ ಇದ್ದರೆ ಮೇಲಿನ ಹೆಂಡತಿ ಮರಣ ಪ್ರಮಾಣಪತ್ರ, ತಮ್ಮ ಗುರುತಿನ ಚೀಟಿ, ಎಫ್‌ಡಿ ರಸೀದಿ ಕೊಟ್ಟು ಹಣ ಪಡೆಯಬಹುದು. ಠೇವಣಿದಾರರು ತೀರಿಕೊಂಡ ಕಾರಣಕ್ಕೆ ಮುರಿಸಿದರೆ ದಂಡವನ್ನೂ ವಿಧಿಸುವಂತಿಲ್ಲ. ಬಡ್ಡಿ ಮಾತ್ರ ಐದು ವರ್ಷದ ದರದಲ್ಲಿ ಅಲ್ಲ, ಹಣ ಬ್ಯಾಂಕಿನಲ್ಲಿದ್ದ ಸುಮಾರು 20 ತಿಂಗಳಿಗೆ ತಕ್ಕ ದರದಲ್ಲಿ.

‘ನಾಮಿನಿ ಇದ್ದಾರಲ್ಲ, ಅವರು ಸಹಿ ಹಾಕಲಿ’ ಎಂಬುದು ಪದೇಪದೇ ಕೇಳಿಬರುವ ತಪ್ಪು ತಿಳಿವಳಿಕೆ. ಜಂಟಿ ಖಾತೆಯಲ್ಲಿ ಎಲ್ಲ ಖಾತೆದಾರರೂ ತೀರಿಕೊಂಡ ಮೇಲಷ್ಟೇ ನಾಮಿನಿಯ ಸರದಿ. ಹೆಂಡತಿ ಬದುಕಿರುವಾಗ ನಾಮಿನಿಗೆ ಇಲ್ಲಿ ಯಾವ ಪಾತ್ರವೂ ಇಲ್ಲ.

ಪರೀಕ್ಷೆಗೆ ಓದುವವರು ಇನ್ನೊಂದನ್ನು ನೆನಪಿಡಿ: ‘ಸರ್ವೈವರ್’ಗೆ ಹಣ ಕೊಟ್ಟರೆ ಬ್ಯಾಂಕಿನ ಹೊಣೆ ತೀರುತ್ತದೆ, ಆದರೆ ಮಾಲೀಕತ್ವ ಅದರಿಂದ ತೀರ್ಮಾನವಾಗುವುದಿಲ್ಲ. ಹಣ ಪಡೆದವರು ವಾರಸುದಾರರ ಪರವಾಗಿ ಪಡೆದವರಾಗಿರುತ್ತಾರೆ. ತಮ್ಮ ಪಾಲನ್ನು ವಾರಸುದಾರರು ಅವರಿಂದ ಕೇಳಬಹುದು. ನ್ಯಾಯಾಲಯದ ತಡೆಯಾಜ್ಞೆ ಬ್ಯಾಂಕಿನ ಕೈಸೇರಿದ್ದರೆ ಮಾತ್ರ ಪಾವತಿ ನಿಲ್ಲುತ್ತದೆ, ‘ಕೊಡಬೇಡಿ’ ಎಂದು ಸಂಬಂಧಿಕರು ಬಾಯಿಮಾತಿನಲ್ಲಿ ಹೇಳಿದರೆ ಅಲ್ಲ.